ಎರಡು ಸಲ ಬಂದ ಒಂದು ಗಂಟೆ

ಕೆಳಗಿನ ಮೂರು ಸಾಲುಗಳನ್ನು ಮೂರು ಬೇರೆ ಬೇರೆ ಪ್ರೋಗ್ರಾಮ್‌ಗಳು ಬರೆದಿಟ್ಟಿವೆ. ಮೂರೂ ಒಂದೇ ಅವಘಡದ ಸಾಕ್ಷಿಗಳು.

```
Nov  3 01:12:31 pay1 settle[2211]: lock taken
2024-11-03 06:12:40,207 WARN req=7f3a waiting for pay1
[03/Nov/2024:11:43:40 +0530] "POST /pay HTTP/1.1" 504
```

ಬರೆದಿರುವ ಹೊತ್ತನ್ನೇ ನಂಬಿ ಓದಿದರೆ, ನಡುರಾತ್ರಿ ಕಳೆದು ಒಂದು ಗಂಟೆಗೆ ಶುರುವಾದ ತೊಂದರೆ ಬೆಳಗಿನ ಆರಕ್ಕೆ ಮುಂದುವರಿದು ಮಧ್ಯಾಹ್ನದ ಹೊತ್ತಿಗೆ ಗ್ರಾಹಕರನ್ನು ಮುಟ್ಟಿದಂತೆ ಕಾಣುತ್ತದೆ. ನಿಜದಲ್ಲಿ ಈ ಮೂರೂ ನಡೆದದ್ದು ಒಂದು ನಿಮಿಷ, ಮೇಲೆ ಎರಡು ಮೂರು ಸೆಕೆಂಡಿನೊಳಗೆ. ಸಾಲುಗಳಲ್ಲಿ ಯಾವುದೂ ಸುಳ್ಳು ಹೇಳಿಲ್ಲ. ಒಂದೊಂದೂ ತನ್ನ ಊರಿನ ಗಡಿಯಾರ ನೋಡಿ ಬರೆದಿದೆ, ಅಷ್ಟೆ.

ಸರ್ವರ್ ತಾನು ಮಾಡಿದ್ದನ್ನೆಲ್ಲ ಒಂದೊಂದು ಸಾಲಾಗಿ ಫೈಲಿಗೆ ಬರೆಯುತ್ತ ಹೋಗುತ್ತದೆ. ಇದಕ್ಕೆ ಲಾಗ್ ಎನ್ನುತ್ತಾರೆ. ಸೇವೆ ನಿಂತುಹೋಗಿ ಮತ್ತೆ ಎದ್ದ ಮೇಲೆ, ಯಾವುದು ಮೊದಲು ಕೆಟ್ಟಿತು, ಯಾವುದು ಅದರ ಹಿಂದೆ ಬಿತ್ತು ಎಂದು ತಿಳಿಯಲು ಎಂಜಿನಿಯರುಗಳ ಕೈಯಲ್ಲಿರುವುದು ಮುಖ್ಯವಾಗಿ ಇದೇ. ಇಂಥ ತನಿಖೆ ಹೇಗೆ ನಡೆಯುತ್ತದೆ ಎಂದು ತೋರಿಸಲು ನಾನೊಂದು ಪ್ರಕರಣವನ್ನು ಜೋಡಿಸಿದ್ದೇನೆ. ಕಂಪನಿ ಕಾಲ್ಪನಿಕ, ಲಾಗ್ ಸಾಲುಗಳನ್ನು ಬರೆದವನೂ ನಾನೇ. ಆದರೆ ಗಡಿಯಾರಗಳ ವರ್ತನೆ ಮಾತ್ರ ಆ ದಿನ, ಆ ಊರುಗಳಲ್ಲಿ ನಿಜವಾಗಿ ಹೇಗಿತ್ತೋ ಹಾಗೆಯೇ ಇದೆ.

ದಿನ 2024ರ ನವೆಂಬರ್ 3, ಭಾನುವಾರ. ಬಲಿಪಾಡ್ಯಮಿಯ ಮರುದಿನ, ರಾಜ್ಯೋತ್ಸವ ದೀಪಾವಳಿ ಎರಡೂ ಸೇರಿ ಬಂದ ಉದ್ದನೆಯ ರಜೆಯ ಕೊನೆ. ಆನ್‌ಲೈನಿನಲ್ಲಿ ಸಾಮಾನು ಮಾರುವ ಒಂದು ಕಂಪನಿ. ಅದರ ಜಾಲತಾಣದ ಸರ್ವರ್ ಮುಂಬೈಯಲ್ಲಿದೆ. ಹಣ ಪಾವತಿಯ ಲೆಕ್ಕ ನೋಡುವ `pay1` ಎಂಬ ಹಳೆಯ ಯಂತ್ರ ಅಮೆರಿಕದ ವರ್ಜೀನಿಯಾದಲ್ಲಿದೆ. ಇವೆರಡನ್ನೂ ಕಾಯುವ ತಂಡ ಬೆಂಗಳೂರಿನಲ್ಲಿ. ಆ ದಿನ ಮಧ್ಯಾಹ್ನದ ಹೊತ್ತಿಗೆ ಸುಮಾರು ಮೂವತ್ತೈದು ನಿಮಿಷ ಯಾರೊಬ್ಬರ ಪಾವತಿಯೂ ಮುಗಿಯಲಿಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಯಾರೋ `pay1` ಒಳಗೆ ಹೋಗಿ ಸಿಕ್ಕಿಕೊಂಡಿದ್ದ ಒಂದು ಕೆಲಸವನ್ನು ಕೊಂದರು, ಪಾವತಿ ಮತ್ತೆ ಶುರುವಾಯಿತು. ಸೋಮವಾರ ವರದಿ ಬರೆಯಬೇಕು. ಅದರಲ್ಲಿ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಮೊದಲು ಆದದ್ದು ಏನು?

ಸುಲಭದ ಸಾಲಿನಿಂದ ಶುರು ಮಾಡೋಣ. ಮೂರನೆಯ ಸಾಲು ಬರೆದದ್ದು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್. ಹೊತ್ತಿನ ಪಕ್ಕದಲ್ಲೇ `+0530` ಎಂದು ಬರೆದುಕೊಟ್ಟಿದೆ. ಅಂದರೆ ಇದು ಯುಟಿಸಿ ಎಂಬ ಜಾಗತಿಕ ಮೂಲ ಸಮಯಕ್ಕಿಂತ ಐದೂವರೆ ಗಂಟೆ ಮುಂದಿರುವ ಹೊತ್ತು, ನಮ್ಮ ಭಾರತೀಯ ಸಮಯ. 11:43:40ರಲ್ಲಿ ಐದೂವರೆ ಗಂಟೆ ಕಳೆದರೆ 06:13:40 ಯುಟಿಸಿ. ಇಷ್ಟರಲ್ಲಿ ಅನುಮಾನವಿಲ್ಲ.

ಆದರೆ ಇದು ಯಾವುದರ ಹೊತ್ತು? ಎಂಜಿನ್‌ಎಕ್ಸ್ ತನ್ನ ಆಕ್ಸೆಸ್ ಲಾಗ್‌ನಲ್ಲಿ ಸಾಲು ಬರೆಯುವುದು ಕೋರಿಕೆ ಬಂದಾಗ ಅಲ್ಲ, ಮುಗಿದಾಗ. 504 ಎಂದರೆ ಹಿಂದಿನ ಯಂತ್ರದ ಉತ್ತರಕ್ಕಾಗಿ ಕಾದು ಕಾದು ಕೈಚೆಲ್ಲಿದೆ ಎಂದರ್ಥ. ಯಾರೂ ಬದಲಾಯಿಸದಿದ್ದರೆ ಅದು ಕಾಯುವ ಗಡುವು 60 ಸೆಕೆಂಡು. ಹಾಗಾಗಿ 11:43:40ಕ್ಕೆ ದಾಖಲಾದ ಈ ಸೋಲು ಹುಟ್ಟಿದ್ದು 11:42:40ಕ್ಕೆ. ಈ ಒಂದು ನಿಮಿಷವನ್ನು ಮರೆತರೆ ಇಡೀ ವರದಿ ಒಂದು ನಿಮಿಷ ಜಾರುತ್ತದೆ, ಮತ್ತು ಆ ನಡುವಿನ ನಿಮಿಷದಲ್ಲಿ ನಡೆದ ಎಲ್ಲವೂ ಕಾರಣದಂತೆ ಕಾಣತೊಡಗುತ್ತದೆ. ಟೈಮ್ ಝೋನಿನ ಲೆಕ್ಕಕ್ಕೆ ಕೈಹಾಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳದವರು ಬಹಳ.

ಎರಡನೆಯ ಸಾಲು ಅದೇ ಮುಂಬೈ ಯಂತ್ರದಲ್ಲಿ ಓಡುತ್ತಿದ್ದ ಅಪ್ಲಿಕೇಶನ್‌ನದು. ಯಂತ್ರ ಒಂದೇ, ಆದರೆ ಹೊತ್ತು 06:12:40. ಕಾರಣ ಸರಳ. ಅಪ್ಲಿಕೇಶನ್ ಡಾಕರ್ ಕಂಟೇನರ್ ಒಳಗಿತ್ತು. ಯಂತ್ರದ ಸಮಯ ವಲಯವನ್ನು ಭಾರತಕ್ಕೆ ಹೊಂದಿಸಿದ್ದರೂ ಕಂಟೇನರಿಗೆ ಅದನ್ನು ಯಾರಾದರೂ ಹೇಳಿಕೊಡಬೇಕು, ಹೇಳದಿದ್ದರೆ ಅದು ಸಾಮಾನ್ಯವಾಗಿ ಯುಟಿಸಿಯಲ್ಲೇ ಬರೆಯುತ್ತದೆ. ಸಾಲಿನಲ್ಲಿ ವಲಯದ ಗುರುತೂ ಇಲ್ಲ. ಆದರೂ ಇಲ್ಲಿ ನಿಶ್ಚಿಂತೆಯಾಗಿರಬಹುದು. ಕಂಟೇನರಿಗೆ ಸ್ವಂತ ಗಡಿಯಾರವಿರುವುದಿಲ್ಲ, ಅದು ಯಂತ್ರದ ಗಡಿಯಾರವನ್ನೇ ಬಳಸುತ್ತದೆ. ಬರೆಯುವ ರೀತಿ ಬೇರೆ, ಎಣಿಸುವ ಗಡಿಯಾರ ಒಂದೇ. 11:42:40ರಲ್ಲಿ ಐದೂವರೆ ಗಂಟೆ ಕಳೆದರೆ 06:12:40. ಎಂಜಿನ್‌ಎಕ್ಸ್ ಸಾಲಿನಿಂದ ನಾವು ಹಿಂದೆ ಎಣಿಸಿ ತಲುಪಿದ ಹೊತ್ತೂ ಅಪ್ಲಿಕೇಶನ್ ಬರೆದ ಹೊತ್ತೂ ಸೆಕೆಂಡಿನ ಮಟ್ಟಿಗೆ ಕೂಡಿಕೊಂಡವು. ಇಂಥ ಹೊಂದಾಣಿಕೆ ಸಿಕ್ಕಾಗಲೇ ವಲಯದ ಊಹೆ ಸರಿ ಎಂದು ನಂಬಬೇಕು, ಅದಕ್ಕೆ ಮುಂಚೆ ಅಲ್ಲ.

ಈಗ ಉಳಿದದ್ದು ವರ್ಜೀನಿಯಾದ ಸಾಲು. ಅದರಲ್ಲಿ ತಿಂಗಳಿದೆ, ತಾರೀಖಿದೆ, ಹೊತ್ತಿದೆ. ಇಸವಿ ಇಲ್ಲ, ವಲಯವೂ ಇಲ್ಲ. ಇದು ಯುನಿಕ್ಸ್ ಯಂತ್ರಗಳ ಹಳೆಯ ಸಿಸ್‌ಲಾಗ್ ಶೈಲಿ. ಇಸವಿ, ವಲಯ ಎರಡನ್ನೂ ಬರೆಯುವ ಹೊಸ ಶೈಲಿ 2009ರಲ್ಲೇ ಗೊತ್ತುಪಡಿಸಲ್ಪಟ್ಟಿತು. ಆದರೆ ಹಳೆಯ ಯಂತ್ರಗಳು ಹಳೆಯದನ್ನೇ ಬರೆಯುತ್ತ ಹೋಗುತ್ತವೆ, ಅವನ್ನು ಮುಟ್ಟಲು ಯಾರಿಗೂ ಧೈರ್ಯವಿರುವುದಿಲ್ಲ. ಯಂತ್ರ ವರ್ಜೀನಿಯಾದ ಸ್ಥಳೀಯ ಸಮಯದಲ್ಲಿದೆ ಎಂದು ಗೊತ್ತು. ಬೇಸಿಗೆಯಲ್ಲಾದರೆ ಆ ಸಮಯ ಯುಟಿಸಿಗಿಂತ ನಾಲ್ಕು ಗಂಟೆ ಹಿಂದೆ, ಚಳಿಗಾಲದಲ್ಲಿ ಐದು ಗಂಟೆ ಹಿಂದೆ. ನವೆಂಬರ್ 3 ಯಾವ ಲೆಕ್ಕಕ್ಕೆ ಸೇರಿತು?

ಎರಡಕ್ಕೂ ಸೇರಿತು. ಅಮೆರಿಕದಲ್ಲಿ 2007ರಿಂದ ಬೇಸಿಗೆ ಸಮಯ ಮುಗಿಯುವುದು ನವೆಂಬರಿನ ಮೊದಲ ಭಾನುವಾರ, ನಸುಕಿನ ಎರಡು ಗಂಟೆಗೆ. 2024ರಲ್ಲಿ ಆ ಭಾನುವಾರ ಸರಿಯಾಗಿ 3ನೇ ತಾರೀಖಿಗೆ ಬಂದಿತ್ತು. ಗಡಿಯಾರ 1:59:59 ತೋರಿಸಿದ ಮರುಕ್ಷಣ ಎರಡು ಆಗುವ ಬದಲು ಮತ್ತೆ ಒಂದಕ್ಕೆ ಮರಳುತ್ತದೆ. ಹಾಗಾಗಿ ಆ ರಾತ್ರಿ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. ನಮ್ಮ ಲೆಕ್ಕದಲ್ಲಿ ಮೊದಲ ಸಲದ್ದು ಬೆಳಿಗ್ಗೆ 10:30ರಿಂದ 11:30, ಎರಡನೆಯ ಸಲದ್ದು 11:30ರಿಂದ 12:30. ಬೆಂಗಳೂರಿನಲ್ಲಿ ಹಾಡಹಗಲಲ್ಲಿ ನಡೆದ ತೊಂದರೆಯ ಮುಖ್ಯ ಸಾಕ್ಷಿ ಅಲ್ಲಿ ಎರಡು ಅರ್ಥವಿರುವ ಏಕೈಕ ಗಂಟೆಯೊಳಗೆ ಸಿಕ್ಕಿಕೊಂಡಿತು. ವರ್ಷಕ್ಕೆ ಒಂದೇ ಒಂದು ಸಲ ಬರುವ ಗಂಟೆ ಅದು. ಅವಘಡ ಅದರೊಳಗೇ ಬಂದು ಕೂತದ್ದು ಕಾಕತಾಳೀಯವಲ್ಲ ಎಂಬುದು ಆಮೇಲೆ ತಿಳಿಯುತ್ತದೆ.

ಎರಡು ಅರ್ಥಗಳನ್ನು ಲಿನಕ್ಸ್ ಯಂತ್ರದಲ್ಲಿ ಹೀಗೆ ನೋಡಬಹುದು.

```
date -u -d '2024-11-03 01:12:31 EDT'   # 05:12:31 UTC
date -u -d '2024-11-03 01:12:31 EST'   # 06:12:31 UTC
```

ಮೊದಲನೆಯದು ಬೇಸಿಗೆ ಸಮಯವೆಂದು ಓದಿದ್ದು, ಎರಡನೆಯದು ಚಳಿಗಾಲದ ಸಮಯವೆಂದು ಓದಿದ್ದು. ನಡುವೆ ಪೂರ್ತಿ ಒಂದು ಗಂಟೆಯ ಅಂತರ. ಮೊದಲನೆಯದೇ ನಿಜವಾದರೆ `pay1` ಲಾಕ್ ಹಾಕಿಕೊಂಡದ್ದು ಪಾವತಿ ನಿಲ್ಲುವುದಕ್ಕೆ ಒಂದು ಗಂಟೆ ಮುಂಚೆ, ಅದಕ್ಕೂ ಇದಕ್ಕೂ ಸಂಬಂಧ ಕಾಣುವುದಿಲ್ಲ. ಎರಡನೆಯದು ನಿಜವಾದರೆ ಒಂಬತ್ತೇ ಸೆಕೆಂಡು ಮುಂಚೆ. ಆಗ ಅಪರಾಧಿ ಎದುರಿಗೇ ನಿಂತಿದ್ದಾನೆ.

ಅಪಾಯವಿರುವುದು ಇಂಥಲ್ಲಿ ಪ್ರೋಗ್ರಾಮ್‌ಗಳು ಗೊಂದಲವನ್ನು ತೋರಿಸಿಕೊಳ್ಳದೆ ಸುಮ್ಮನೆ ಒಂದನ್ನು ಆರಿಸಿಬಿಡುವುದರಲ್ಲಿ. ಉದಾಹರಣೆಗೆ ಪೈಥಾನ್ ಭಾಷೆಯಲ್ಲಿ ಇಂಥ ಜೋಡಿ ಹೊತ್ತುಗಳಿಗಾಗಿಯೇ `fold` ಎಂಬ ಗುರುತಿದೆ. ಅದನ್ನು ಬಿಟ್ಟರೆ ಬೆಲೆ ಸೊನ್ನೆ, ಸೊನ್ನೆ ಎಂದರೆ ಮೊದಲ ಸಲದ್ದು. ತಂಡದಲ್ಲೊಬ್ಬರು ಎಲ್ಲ ಲಾಗ್‌ಗಳನ್ನೂ ಯುಟಿಸಿಗೆ ತರುವ ಪುಟ್ಟ ಸ್ಕ್ರಿಪ್ಟ್ ಬರೆದು ಓಡಿಸಿದರು, ಆಮೇಲೆ ಹೊತ್ತಿನ ಪ್ರಕಾರ ವಿಂಗಡಿಸಿದರು. `pay1` ಯಂತ್ರದ ಆ ಜೋಡಿ ಗಂಟೆಯ ಎಲ್ಲ ಸಾಲುಗಳೂ ಒಂದರ ಮೇಲೊಂದು ಕೂತು 05:00 ಯುಟಿಸಿಯಿಂದ 06:00ರ ಒಳಗೆ ಬಂದವು. 06:00ರಿಂದ 07:00ರವರೆಗೆ ಯಂತ್ರ ಏನೂ ಬರೆದೇ ಇಲ್ಲವೆಂಬಂತೆ ಖಾಲಿ. ಆ ವಿಂಗಡಣೆಯಲ್ಲಿ ಸಿಕ್ಕ ಸಾಲುಗಳು ಇವು, ಮೂಲದ ಹೊತ್ತಿನಲ್ಲೇ ಕೊಡುತ್ತಿದ್ದೇನೆ.

```
01:10:00 settle[1874]: start
01:10:00 settle[2211]: start
01:12:29 settle[1874]: lock taken
01:12:31 settle[2211]: lock taken
01:12:33 settle[1874]: done, file archived
```

ಚೌಕಾಕಾರದ ಆವರಣದಲ್ಲಿರುವ ಅಂಕಿ ಆ ಕೆಲಸಕ್ಕೆ ಯಂತ್ರ ಕೊಟ್ಟ ಗುರುತಿನ ಸಂಖ್ಯೆ. ಓದಿದರೆ ಒಂದು ಕಥೆ ತಾನಾಗಿ ಎದ್ದು ನಿಲ್ಲುತ್ತದೆ: ದಿನದ ಲೆಕ್ಕ ಹೊಂದಿಸುವ ಕೆಲಸದ ಎರಡು ಪ್ರತಿಗಳು ಒಟ್ಟಿಗೆ ಶುರುವಾದವು, ಒಂದೇ ಲಾಕ್‌ಗೆ ಇಬ್ಬರೂ ಕೈಹಾಕಿದರು, ಜಗಳವಾಯಿತು. ಕಥೆ ಚೆನ್ನಾಗಿದೆ. ಆದರೆ ಅದರಲ್ಲೊಂದು ಅಸಾಧ್ಯ ಅಡಗಿದೆ. ಲಾಕ್ ಇರುವುದೇ ಒಬ್ಬರ ಬಳಿ ಇದ್ದಾಗ ಇನ್ನೊಬ್ಬರಿಗೆ ಸಿಗಬಾರದೆಂದು. 1874 ತನ್ನ ಕೆಲಸ ಮುಗಿಸುವುದು 01:12:33ಕ್ಕೆ. ಅದಕ್ಕೂ ಎರಡು ಸೆಕೆಂಡು ಮುಂಚೆ 2211ಕ್ಕೆ ಅದೇ ಲಾಕ್ ಸಿಗುವುದು ಹೇಗೆ? ಲಾಕ್‌ನ ಪ್ರೋಗ್ರಾಮೇ ಕೆಟ್ಟಿದೆ ಎಂದು ಹುಡುಕಾಟ ಶುರುಮಾಡಿದರೆ ಒಂದು ವಾರ ಕಳೆಯಬಹುದು. ಆ ದಾರಿ ಹಿಡಿಯುವ ಮುಂಚೆ ಅನುಭವಸ್ಥರು ವಿಂಗಡಣೆಯನ್ನೇ ಅನುಮಾನಿಸುತ್ತಾರೆ. ಯಂತ್ರವೊಂದು ಇಡೀ ಗಂಟೆ ಮೌನವಾಗಿದ್ದು, ಅದರ ಹಿಂದಿನ ಗಂಟೆಯಲ್ಲಿ ಎಂದಿನ ಎರಡರಷ್ಟು ಸಾಲು ಬರೆದಿದ್ದರೆ ಅನುಮಾನಕ್ಕೆ ಅಷ್ಟು ಸಾಕು.

ಮೂಲ ಫೈಲ್ ತೆರೆದರು. ಸಿಸ್‌ಲಾಗ್ ಫೈಲಿನಲ್ಲಿ ಸಾಲುಗಳು ಬಂದ ಕ್ರಮದಲ್ಲೇ ಒಂದರ ಕೆಳಗೊಂದು ಸೇರುತ್ತವೆ. ವಿಂಗಡಿಸಿದಾಗ ಕಳೆದುಹೋದದ್ದು ಆ ಕ್ರಮವೇ.

```
Nov  3 01:12:33 pay1 settle[1874]: done, file archived
...
Nov  3 01:59:58 pay1 payd: req=61d2 ok
Nov  3 01:00:03 pay1 payd: req=61d9 ok
...
Nov  3 01:10:00 pay1 settle[2211]: start
Nov  3 01:12:31 pay1 settle[2211]: lock taken
```

ನಡುವೆ ಗಡಿಯಾರ ಹಿಂದಕ್ಕೆ ಹಾರಿದೆ. 1874 ಓಡಿದ್ದು ಮೊದಲ ಗಂಟೆಯಲ್ಲಿ, 2211 ಓಡಿದ್ದು ಎರಡನೆಯ ಗಂಟೆಯಲ್ಲಿ. ಅವೆರಡೂ ಎಂದೂ ಮುಖಾಮುಖಿಯಾಗಲೇ ಇಲ್ಲ. ಹಾರಿದ ಜಾಗದಿಂದ ಮೇಲಿನ ಸಾಲುಗಳಿಗೆಲ್ಲ ನಾಲ್ಕು ಗಂಟೆ, ಕೆಳಗಿನವಕ್ಕೆಲ್ಲ ಐದು ಗಂಟೆ ಕೂಡಿಸಿದರೆ ಯುಟಿಸಿ ಸಿಗುತ್ತದೆ. ಫೈಲಿನ ಕ್ರಮವನ್ನು ಮಾತ್ರ ನಂಬಿ ಕೂರಬೇಕಿಲ್ಲ. ಒಂದೊಂದು ಪಾವತಿ ಕೋರಿಕೆಗೂ ಒಂದು ಗುರುತು ಇದೆ, ಮತ್ತು ಅದು ಮುಂಬೈಯ ಲಾಗ್‌ನಲ್ಲೂ ವರ್ಜೀನಿಯಾದ ಲಾಗ್‌ನಲ್ಲೂ ಬರುತ್ತದೆ. 61d9 ಗುರುತಿನ ಕೋರಿಕೆ ಮುಂಬೈಯಲ್ಲಿ ಆರು ಗಂಟೆ ಯುಟಿಸಿಯ ಆಸುಪಾಸಿನಲ್ಲಿ ಸಿಕ್ಕರೆ ಊಹೆಗೆ ಇನ್ನೊಂದು ಸಾಕ್ಷಿ ಸಿಕ್ಕಂತೆ. ಲಾಗ್‌ಗಳು ಜಾಲದ ಮೂಲಕ ಒಂದು ಕೇಂದ್ರ ಯಂತ್ರಕ್ಕೆ ಬಂದು ಸೇರುವ ಕಡೆ ಸಾಲುಗಳ ಕ್ರಮ ದಾರಿಯಲ್ಲೇ ಅದಲುಬದಲಾಗಬಹುದು. ಅಲ್ಲಿ ಈ ಗುರುತುಗಳೇ ಆಧಾರ.

ವಲಯದ ಲೆಕ್ಕ ಮುಗಿಯಿತು ಎಂದು ಉಸಿರುಬಿಡುವ ಹೊತ್ತಿಗೆ ಇನ್ನೊಂದು ವಿಚಿತ್ರ ಎದುರಾಯಿತು. ಅವಘಡಕ್ಕೆ ಸ್ವಲ್ಪ ಮುಂಚೆ ಸಲೀಸಾಗಿ ಮುಗಿದ ಒಂದು ಕೋರಿಕೆಯನ್ನು ಎರಡೂ ಕಡೆ ಜೋಡಿಸಿ ನೋಡಿದರು. `pay1` ಹೊತ್ತನ್ನು ಇಲ್ಲಿ ಆಗಲೇ ಯುಟಿಸಿಗೆ ತಂದಿದೆ.

```
mumbai  06:11:58.2  req=61fe sent to pay1
pay1    06:11:51    req=61fe received
pay1    06:11:52    req=61fe ok
mumbai  06:11:59.1  req=61fe reply received
```

ಮುಂಬೈ ಕಳಿಸುವುದಕ್ಕೆ ಏಳು ಸೆಕೆಂಡು ಮುಂಚೆಯೇ ವರ್ಜೀನಿಯಾಕ್ಕೆ ಕೋರಿಕೆ ತಲುಪಿದೆ! ಇದು ವಲಯದ ತಪ್ಪಲ್ಲ. ಯಾವ ದೇಶದ ಸಮಯವೂ ಏಳು ಸೆಕೆಂಡು ಹಿಂದಿರುವುದಿಲ್ಲ. ಇಂದಿನ ವಲಯಗಳ ವ್ಯತ್ಯಾಸಗಳೆಲ್ಲ ಗಂಟೆ, ಅರ್ಧ ಗಂಟೆ, ಮುಕ್ಕಾಲು ಗಂಟೆಯ ಲೆಕ್ಕದಲ್ಲೇ ಇರುತ್ತವೆ. ನಮ್ಮದು ಐದೂವರೆ, ನೇಪಾಳದ್ದು ಐದೂಮುಕ್ಕಾಲು. ಅಂತರ ಕಾಲು ಗಂಟೆಯ ಗುಣಕದಲ್ಲಿ ಬಂದರೆ ವಲಯವನ್ನು ಅನುಮಾನಿಸಬೇಕು, ಸೆಕೆಂಡುಗಳಲ್ಲಿ ಬಂದರೆ ಗಡಿಯಾರವನ್ನೇ ಅನುಮಾನಿಸಬೇಕು. `pay1` ಗಡಿಯಾರ ಹಿಂದೆ ಬಿದ್ದಿತ್ತು.

ಎಷ್ಟು ಹಿಂದೆ ಎಂಬುದನ್ನು ಈ ನಾಲ್ಕು ಸಾಲುಗಳಿಂದಲೇ ಕಂಡುಹಿಡಿಯಬಹುದು. ಕೋರಿಕೆ ವರ್ಜೀನಿಯಾ ತಲುಪಿ ಉತ್ತರ ಹೊರಟದ್ದು, ಮುಂಬೈ ಗಡಿಯಾರದ ಪ್ರಕಾರ, 58.2 ಮತ್ತು 59.1ರ ನಡುವೆಯೇ ಆಗಿರಬೇಕು. ಕಳಿಸುವ ಮುಂಚೆ ತಲುಪುವಂತಿಲ್ಲ, ಉತ್ತರ ಕೈಸೇರಿದ ಮೇಲೆ ಅದು ಹೊರಡುವಂತಿಲ್ಲ. `pay1` ಸೆಕೆಂಡಿನ ಚೂರುಗಳನ್ನು ಬರೆಯುವುದಿಲ್ಲ, ಅದು 51 ಎಂದು ಬರೆದರೆ 51ರಿಂದ 52ರೊಳಗಿನ ಯಾವುದೋ ಕ್ಷಣ. ಕೋರಿಕೆ ತಲುಪಿದ ಸಾಲಿನ ಪ್ರಕಾರ ಅದು ಕನಿಷ್ಠ 6.2 ಸೆಕೆಂಡು ಹಿಂದಿದೆ. ಉತ್ತರ ಕೊಟ್ಟ ಸಾಲಿನ ಪ್ರಕಾರ ಹೆಚ್ಚೆಂದರೆ 7.1 ಸೆಕೆಂಡು. ನಡುವಿನದನ್ನು ಹಿಡಿದರೆ 6.6 ಸೆಕೆಂಡು, ಆಚೆ ಈಚೆ ಅರ್ಧ ಸೆಕೆಂಡು. ಇನ್ನಷ್ಟು ಕೋರಿಕೆಗಳನ್ನು ಹೀಗೇ ಜೋಡಿಸಿದರೆ ಅನಿಶ್ಚಿತತೆ ಇನ್ನೂ ಕುಗ್ಗುತ್ತದೆ. ಜಾಲದಲ್ಲಿರುವ ಯಂತ್ರಗಳ ಗಡಿಯಾರಗಳನ್ನು ಹೊಂದಿಸುವ ಎನ್‌ಟಿಪಿ ಎಂಬ ವ್ಯವಸ್ಥೆಯೂ ಇದೇ ನಾಲ್ಕು ಹೊತ್ತುಗಳ ಲೆಕ್ಕದ ಮೇಲೆ ನಿಂತಿದೆ. ಕಳಿಸಿದ್ದು, ತಲುಪಿದ್ದು, ಮರಳಿ ಹೊರಟದ್ದು, ಕೈಸೇರಿದ್ದು.

`pay1` ಯಂತ್ರದಲ್ಲಿ ಆ ಎನ್‌ಟಿಪಿ ಕೆಲಸ ಮಾಡುತ್ತಿರಲಿಲ್ಲ. ಫೈರ್‌ವಾಲ್ ಬದಲಾಯಿಸಿದಾಗ ಅದು ಬಳಸುವ 123ನೇ ಪೋರ್ಟ್ ಮುಚ್ಚಿಹೋಗಿತ್ತು. ಕಂಪ್ಯೂಟರಿನೊಳಗಿನ ಗಡಿಯಾರ ನಡೆಯುವುದು ಒಂದು ಅಗ್ಗದ ಸ್ಫಟಿಕದ ಮೇಲೆ. ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡು ಜಾರುತ್ತದೆ. ತಿದ್ದುವವರಿಲ್ಲದೆ ನಾಲ್ಕು ದಿನ ಕಳೆದರೆ ಆರೇಳು ಸೆಕೆಂಡಿನ ತಪ್ಪು ಬರಲು ಅಷ್ಟು ಸಾಕು. ಇಲ್ಲೊಂದು ಎಚ್ಚರ ಬೇಕು. ಈ 6.6 ಸೆಕೆಂಡಿನ ತಿದ್ದುಪಡಿ ಆ ಅರ್ಧ ಗಂಟೆಗೆ ಸಲ್ಲುತ್ತದೆ, ಹಿಂದಿನ ವಾರದ ಲಾಗ್‌ಗೆ ಸಲ್ಲುವುದಿಲ್ಲ. ಅವಘಡದ ನಂತರ ಯಾರಾದರೂ ಗಡಿಯಾರ ಸರಿಪಡಿಸಿದ್ದರೆ ಅಲ್ಲಿಂದ ಮುಂದಿನ ಸಾಲುಗಳಿಗೂ ಸಲ್ಲುವುದಿಲ್ಲ. ಗಡಿಯಾರವನ್ನು ಒಮ್ಮೆಗೇ ಜಿಗಿಸದೆ ಮೆಲ್ಲಗೆ ತಳ್ಳಿ ಸರಿಹೊಂದಿಸಿದರೆ ನಡುವಿನ ಕೆಲವು ಗಂಟೆ ತಪ್ಪಿನ ಪ್ರಮಾಣವೇ ಬದಲಾಗುತ್ತಿರುತ್ತದೆ. ಆದ್ದರಿಂದ ಕೆಟ್ಟ ಗಡಿಯಾರವನ್ನು ಮುಟ್ಟುವ ಮೊದಲು ಅದು ಎಷ್ಟು ಕೆಟ್ಟಿದೆ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಘಟನೆಗಳು ಸಾಲಾಗಿ ಬಂದು ನಿಲ್ಲುತ್ತವೆ. ಭಾರತೀಯ ಸಮಯದಲ್ಲೇ ಹೇಳುತ್ತೇನೆ. 11:40:07ಕ್ಕೆ `pay1` ಲೆಕ್ಕ ಹೊಂದಿಸುವ ಕೆಲಸವನ್ನು ಎರಡನೆಯ ಸಲ ಶುರುಮಾಡಿತು. 11:42:38ರ ಹೊತ್ತಿಗೆ ಅದು ಪಾವತಿ ದಾಖಲೆಗಳ ಮೇಲೆ ಲಾಕ್ ಹಾಕಿಕೊಂಡಿತು. 11:42:40ಕ್ಕೆ ಮೊದಲ ಗ್ರಾಹಕನ ಪಾವತಿ ಸಿಕ್ಕಿಬಿತ್ತು. 11:43:40ಕ್ಕೆ ಅವನ ಪರದೆಯ ಮೇಲೆ 504 ಬಂತು. 12:17:17ರ ಸುಮಾರಿಗೆ ಆ ಕೆಲಸವನ್ನು ಕೊಂದರು. ಲಾಕ್ ಹಾಕಿದ್ದಕ್ಕೂ ಮೊದಲ ಪಾವತಿ ನಿಂತದ್ದಕ್ಕೂ ನಡುವೆ ಸುಮಾರು ಎರಡು ಸೆಕೆಂಡು ಇದೆ, ನಮ್ಮ ಲೆಕ್ಕದ ಅನಿಶ್ಚಿತತೆ ಸುಮಾರು ಒಂದು ಸೆಕೆಂಡು ಮಾತ್ರ. ಆದ್ದರಿಂದ ಲಾಕ್ ಮೊದಲು ಎಂದು ಧೈರ್ಯವಾಗಿ ಹೇಳಬಹುದು. ನಡುವಿನ ಅಂತರ ಕಾಲು ಸೆಕೆಂಡಾಗಿದ್ದರೆ ಹಾಗೆ ಹೇಳಲು ಬರುತ್ತಿರಲಿಲ್ಲ, ವರದಿಯಲ್ಲಿ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಆದವು ಎಂದಷ್ಟೇ ಬರೆಯಬೇಕಿತ್ತು.

ಎರಡನೆಯ ಸಲ ಏಕೆ ಶುರುವಾಯಿತು ಎಂಬುದು ಇಷ್ಟು ಹೊತ್ತಿಗೆ ಓದುಗರಿಗೆ ಹೊಳೆದಿರಬೇಕು. ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಲು ಕಂಪನಿಯವರು ತಾವೇ ಬರೆದುಕೊಂಡ ಒಂದು ಪ್ರೋಗ್ರಾಮ್ ಇತ್ತು. ಅದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, 1:10 ಆಗಿದ್ದರೆ ಲೆಕ್ಕದ ಕೆಲಸವನ್ನು ಎಬ್ಬಿಸುತ್ತಿತ್ತು. ಆ ರಾತ್ರಿ 1:10 ಎರಡು ಸಲ ಆಯಿತು. ಮೊದಲ ಸಲ ಬ್ಯಾಂಕಿನಿಂದ ಬಂದ ಫೈಲ್ ಓದಿ, ಲಾಕ್ ಬಿಟ್ಟು, ಫೈಲನ್ನು ಕಡತಕ್ಕೆ ಸೇರಿಸಿ ನಾಲ್ಕೇ ಸೆಕೆಂಡಿನಲ್ಲಿ ಮುಗಿಸಿತು. ಎರಡನೆಯ ಸಲ ಲಾಕ್ ಹಾಕಿಕೊಂಡು ಫೈಲ್ ಹುಡುಕಿದರೆ ಫೈಲೇ ಇಲ್ಲ. ಬರಬಹುದೆಂದು ಲಾಕ್ ಹಿಡಿದುಕೊಂಡೇ ಕಾಯುತ್ತ ಕೂತಿತು. ಲಿನಕ್ಸ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಾನ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಡೆಬಿಯನ್‌ನಲ್ಲಿ ಬರುವ ಕ್ರಾನ್, ಗಡಿಯಾರ ಮೂರು ಗಂಟೆಗಿಂತ ಕಡಿಮೆ ಹಿಂದಕ್ಕೆ ಹೋದರೆ, ನಿಗದಿತ ಹೊತ್ತಿನ ಕೆಲಸವನ್ನು ಮತ್ತೆ ಓಡಿಸುವುದಿಲ್ಲ. ಹಳಬರು ಎಂದೋ ಕಲಿತು ಅದರೊಳಗೆ ಸೇರಿಸಿಟ್ಟ ಜಾಣತನವನ್ನು ಹೊಸದಾಗಿ ಬರೆಯುವವರು ಮತ್ತೆ ತಾವೇ ಕಲಿಯಬೇಕಾಗುತ್ತದೆ.

ಮನುಷ್ಯರ ಸಾಕ್ಷಿಯ ಬಗ್ಗೆಯೂ ಒಂದು ಮಾತು. ಇಂಥ ತನಿಖೆಯಲ್ಲಿ ವಾಟ್ಸಾಪ್ ಸಂದೇಶಗಳು, ಗ್ರಾಫ್‌ಗಳ ಸ್ಕ್ರೀನ್‌ಶಾಟ್‌ಗಳು, ಫೋನಿನಲ್ಲಿ ಆಡಿದ ಮಾತು ಎಲ್ಲವೂ ಬರುತ್ತವೆ. ಗ್ರಾಫಾನಾ, ಕಿಬಾನಾದಂಥ ತಂತ್ರಾಂಶಗಳು ಬೇರೆ ಹೇಳದಿದ್ದರೆ ನೋಡುವವರ ಬ್ರೌಸರಿನ ಸಮಯದಲ್ಲಿ ಗ್ರಾಫ್ ತೋರಿಸುತ್ತವೆ. ಒಂದೇ ಗ್ರಾಫನ್ನು ಬೆಂಗಳೂರಿನಲ್ಲೂ ವರ್ಜೀನಿಯಾದಲ್ಲೂ ತೆರೆದು ಕೂತ ಇಬ್ಬರು ಒಂದೇ ಗುಂಡಿಗೆ ಎರಡು ಹೊತ್ತು ಹೇಳುತ್ತಾರೆ. ಸ್ಕ್ರೀನ್‌ಶಾಟ್ ತೆಗೆದವರು ಯಾವ ಊರಿನಲ್ಲಿದ್ದರು ಎಂದು ಕೇಳದೆ ಅದನ್ನು ಬಳಸುವಂತಿಲ್ಲ. ಗಂಟೆಗಂಟೆಗೆ ಕೂಡಿಸಿಟ್ಟ ಅಂಕಿಗಳಂತೂ ನಮಗೆ ಇನ್ನೂ ಕಷ್ಟ. ಯುಟಿಸಿಯ ಆರರಿಂದ ಏಳರವರೆಗಿನ ಮೊತ್ತವೆಂದರೆ ನಮ್ಮ ಹನ್ನೊಂದೂವರೆಯಿಂದ ಹನ್ನೆರಡೂವರೆ. ಅರ್ಧ ಗಂಟೆಯ ಈ ಎಡವಟ್ಟಿನಿಂದಾಗಿ, ಕೂಡಿಸಿದ ಮೇಲೆ ಅದನ್ನು ಹನ್ನೊಂದರಿಂದ ಹನ್ನೆರಡು ಎಂದು ಒಡೆಯಲು ಆಗುವುದಿಲ್ಲ.

ಐಎಸ್‌ಟಿ ಎಂಬ ಮೂರಕ್ಷರವನ್ನೂ ನಂಬಬಾರದು. ಅದು ಭಾರತದ್ದೂ ಹೌದು, ಇಸ್ರೇಲಿನದೂ ಹೌದು, ಐರ್ಲೆಂಡಿನದೂ ಹೌದು. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ ಮೂಲ ಸಂಕ್ಷೇಪ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲ್ ಎಂದೇ ಬರೆದುಕೊಂಡಿದೆ, ಭಾರತಕ್ಕೆ ಬೇರೆ ಪಟ್ಟಿ ಆರಿಸಬೇಕು. ಆರಿಸದಿದ್ದರೆ ಮೂರೂವರೆ ಗಂಟೆ ಕೈತಪ್ಪಬಹುದು. `Etc/GMT+5` ಎಂಬ ವಲಯದ ಹೆಸರಂತೂ ತಲೆಕೆಳಗು: ಐದು ಗಂಟೆ ಮುಂದೆ ಎಂದು ಓದಿಕೊಳ್ಳುವಂತಿದ್ದರೂ ಅದು ಸೂಚಿಸುವುದು ಐದು ಗಂಟೆ ಹಿಂದೆ. ಇದು ದೋಷವಲ್ಲ, ಹಳೆಯ ಒಂದು ಪದ್ಧತಿಯ ಉಳಿಕೆ. ಹೀಗಾಗಿ ಅಂಕಿಯಲ್ಲಿ ಬರೆದ `+05:30` ಅಥವಾ `Asia/Kolkata` ಎಂಬ ಪೂರ್ಣ ಹೆಸರೇ ವಾಸಿ.

ಗಡಿಯಾರಗಳು ಹೊಂದದಿದ್ದರೆ ತನಿಖೆ ಎಷ್ಟು ಕಷ್ಟವಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಸಿಗುವುದು ವಿದ್ಯುತ್ ಜಾಲದಲ್ಲಿ. 2003ರ ಆಗಸ್ಟ್ 14ರಂದು ಅಮೆರಿಕದ ಎಂಟು ರಾಜ್ಯಗಳು ಮತ್ತು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟು ಹೋಯಿತು. ಒಹಾಯೊದ ವಿದ್ಯುತ್ ಕಂಪನಿಯ ಎಚ್ಚರಿಕೆ ವ್ಯವಸ್ಥೆ ಮಧ್ಯಾಹ್ನ ಎರಡೂಕಾಲರ ಹೊತ್ತಿಗೇ ಸದ್ದಿಲ್ಲದೆ ನಿಂತಿತ್ತು, ಸಂಜೆ ನಾಲ್ಕು ದಾಟಿದ ಮೇಲೆ ಕೆಲವೇ ನಿಮಿಷಗಳಲ್ಲಿ ಮಾರ್ಗಗಳೂ ಸ್ಥಾವರಗಳೂ ಒಂದರ ಹಿಂದೊಂದು ಕಳಚಿಕೊಂಡವು. ಸೆಕೆಂಡಿನೊಳಗೆ ಹಲವು ಘಟನೆ. ತನಿಖಾಧಿಕಾರಿಗಳು ಸಾವಿರಾರು ದಾಖಲೆಗಳನ್ನು ಜೋಡಿಸಬೇಕಾಯಿತು. ಅನೇಕ ದಾಖಲೆಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಸಮಯಕ್ಕೆ ಹೊಂದಿಸಿಯೇ ಇರಲಿಲ್ಲ. ಕೆಲವು ಕಂಪ್ಯೂಟರುಗಳು ಮಾಹಿತಿಯ ಪ್ರವಾಹದಲ್ಲಿ ಹಿಂದೆ ಬಿದ್ದು, ಘಟನೆ ನಡೆದ ಹೊತ್ತಿನ ಬದಲು ತಮಗೆ ಸುದ್ದಿ ಸಿಕ್ಕ ಹೊತ್ತನ್ನು ಬರೆದಿದ್ದವು. ಅಲ್ಲಿನ ಜಾಲವನ್ನು ಗಮನಿಸುತ್ತಿದ್ದ ಸಂಸ್ಥೆಗಳಲ್ಲೊಂದು ಇಂಡಿಯಾನಾದಲ್ಲಿತ್ತು, ಆಗ ಆ ರಾಜ್ಯದ ಬಹುಭಾಗ ಬೇಸಿಗೆ ಸಮಯವನ್ನು ಪಾಲಿಸುತ್ತಿರಲಿಲ್ಲ. ನೆರೆಯ ಒಹಾಯೊದಲ್ಲಿ ನಾಲ್ಕಾದರೆ ಅಲ್ಲಿ ಮೂರು. 2004ರ ಅಂತಿಮ ವರದಿ, ದಾಖಲೆಯಂತ್ರಗಳ ಸಮಯವನ್ನು ಒಂದಕ್ಕೊಂದು ಹೊಂದಿಸಲೇಬೇಕೆಂದು ಶಿಫಾರಸು ಮಾಡಿತು. ಈಗ ಅಲ್ಲಿನ ನಿಯಮದಂತೆ ಇಂಥ ಯಂತ್ರಗಳ ಹೊತ್ತು ಯುಟಿಸಿಗೆ ಎರಡು ಮಿಲಿಸೆಕೆಂಡಿನೊಳಗೆ ಹೊಂದಿರಬೇಕು.

ನಮ್ಮ ಪ್ರಕರಣದ ತಂಡವೂ ಕೊನೆಗೆ ಎಲ್ಲರೂ ಮಾಡುವುದನ್ನೇ ಮಾಡಿತು. ಎಲ್ಲ ಸರ್ವರ್‌ಗಳನ್ನೂ ಯುಟಿಸಿಗೆ ಹೊಂದಿಸಿ, ಲಾಗ್‌ನ ಹೊತ್ತು `2024-11-03T06:12:31.482Z` ಎಂಬ ರೂಪದಲ್ಲಿರಬೇಕೆಂದು ನಿರ್ಧರಿಸಿತು. ಕೊನೆಯ `Z` ಯುಟಿಸಿಯ ಗುರುತು. ಮುಚ್ಚಿದ ಪೋರ್ಟ್ ತೆರೆಯಿತು. ಇವೆರಡೂ ಬೇರೆ ಬೇರೆ ರೋಗಗಳಿಗೆ ಮದ್ದು ಎಂಬುದನ್ನು ಮರೆಯಬಾರದು. ಯುಟಿಸಿಗೆ ಹೊಂದಿಸಿದ ಮಾತ್ರಕ್ಕೆ ಜಾರುವ ಗಡಿಯಾರ ನಿಲ್ಲುವುದಿಲ್ಲ, ಎನ್‌ಟಿಪಿ ಓಡಿಸಿದ ಮಾತ್ರಕ್ಕೆ ವಲಯವಿಲ್ಲದ ಸಾಲಿಗೆ ವಲಯ ಬರುವುದಿಲ್ಲ. ಬ್ಯಾಂಕಿನ ವಹಿವಾಟು ಸ್ಥಳೀಯ ದಿನದ ಲೆಕ್ಕದಲ್ಲೇ ನಡೆಯುವುದರಿಂದ ಲೆಕ್ಕದ ಕೆಲಸದ ಹೊತ್ತನ್ನು ಮಾತ್ರ ವರ್ಜೀನಿಯಾದ ಸಮಯದಲ್ಲೇ ಉಳಿಸಿಕೊಂಡರು, ಆದರೆ ಅದನ್ನು ನಸುಕಿನ ಒಂದರಿಂದ ಮೂರರ ಆಚೆಗೆ ಸರಿಸಿದರು. ಮೂರರವರೆಗೆ ಏಕೆಂದರೆ, ಮಾರ್ಚ್‌ನ ಎರಡನೆಯ ಭಾನುವಾರ ಎರಡರಿಂದ ಮೂರರವರೆಗಿನ ಗಂಟೆ ಬರುವುದೇ ಇಲ್ಲ. 2:10ಕ್ಕೆಂದು ಇಟ್ಟ ಕೆಲಸ ಆ ದಿನ ಓಡದೆಯೇ ಹೋಗಬಹುದು.

ವಲಯ ಬದಲಾಯಿಸುವುದಕ್ಕೆ ಆದೇಶ ಒಂದೇ ಸಾಲಿನದು.

```
timedatectl set-timezone UTC
```

ಇದನ್ನು ಓಡಿಸಿದ ಮೇಲೆ ಹೊಸದಾಗಿ ಶುರುವಾಗುವ ಪ್ರೋಗ್ರಾಮ್‌ಗಳು ಯುಟಿಸಿಯಲ್ಲಿ ಬರೆಯುತ್ತವೆ. ಆಗಲೇ ಓಡುತ್ತಿರುವವುಗಳಲ್ಲಿ ಹಲವು ತಾವು ಶುರುವಾದಾಗ ಓದಿಕೊಂಡ ಹಳೆಯ ವಲಯವನ್ನೇ ಹಿಡಿದುಕೊಂಡಿರುತ್ತವೆ, ಮತ್ತೆ ಶುರುಮಾಡುವವರೆಗೆ ಬಿಡುವುದಿಲ್ಲ. ಆಗ ಒಂದೇ ಯಂತ್ರದ ಎರಡು ಫೈಲುಗಳು ಐದು ಗಂಟೆಯ ಅಂತರದಲ್ಲಿ ಬರೆಯುತ್ತಿರುತ್ತವೆ, ಹೊತ್ತಿನ ಪಕ್ಕದಲ್ಲಿ ಯಾವ ಗುರುತೂ ಇರುವುದಿಲ್ಲ. ಅದಕ್ಕೇ ತಂಡದವರು ಆದೇಶ ಓಡಿಸಿ ಇಡೀ ಯಂತ್ರವನ್ನೇ ರೀಬೂಟ್ ಮಾಡಿದರು, ಮತ್ತು ರೀಬೂಟ್ ಮಾಡಿದ ಹೊತ್ತನ್ನು ಎರಡೂ ವಲಯಗಳಲ್ಲಿ ವರದಿಯ ಕೊನೆಗೆ ಬರೆದಿಟ್ಟರು.